ಗುರು ಗ್ರಂಥ ಸಾಹಿಬ್‌ನ ಗುರುಪದವಿ

ಸಿಖ್ ಧರ್ಮದಲ್ಲಿ ಗುರು ಗ್ರಂಥ ಸಾಹಿಬ್ ಪವಿತ್ರ ಗ್ರಂಥವಷ್ಟೇ ಅಲ್ಲ, ಹತ್ತು ಮಾನವ ಗುರುಗಳ ನಂತರದ ಶಾಶ್ವತ ಗುರುವೂ ಹೌದು. ಸಿಖ್ ಆರಾಧನಾ ವಿಧಿಗಳು ಮತ್ತು ಸಮುದಾಯದ ಅಧಿಕಾರ ವ್ಯವಸ್ಥೆ ಈ ನಂಬಿಕೆಯನ್ನು ಆಧರಿಸಿವೆ.

ಹಿನ್ನೆಲೆ

ಐದನೆಯ ಗುರು ಅರ್ಜನ್ ದೇವ್ ಅವರು ಸಂಕಲಿಸಿದ ಆದಿಗ್ರಂಥವನ್ನು 1604ರಲ್ಲಿ ಅಮೃತಸರದ ಹರಿಮಂದಿರದಲ್ಲಿ ಪ್ರತಿಷ್ಠಾಪಿಸಲಾಯಿತು. ಇದರಲ್ಲಿ ಸಿಖ್ ಗುರುಗಳ ರಚನೆಗಳೊಂದಿಗೆ ನೇಕಾರರಾದ ಕಬೀರ್, ಚರ್ಮಕಾರರಾದ ರವಿದಾಸ್, ಸೂಫಿ ಸಂತ ಶೇಖ್ ಫರೀದ್ ಮುಂತಾದವರ ಪದಗಳೂ ಸೇರಿವೆ. ಮುಂದೆ ಒಂಬತ್ತನೆಯ ಗುರು ತೇಗ್ ಬಹದ್ದೂರ್ ಅವರ ರಚನೆಗಳನ್ನು ಸೇರಿಸಲಾಯಿತು. ಸಿಖ್ ಸಂಪ್ರದಾಯದಂತೆ, ಹತ್ತನೆಯ ಗುರು ಗೋವಿಂದ ಸಿಂಗ್ ಅವರು 1708ರಲ್ಲಿ ನಾಂದೇಡಿನಲ್ಲಿ ದೇಹತ್ಯಾಗಕ್ಕೆ ಮುನ್ನ ಗುರುಪದವಿಯನ್ನು ಈ ಗ್ರಂಥಕ್ಕೆ ವಹಿಸಿದರು. ಇಂದಿನ ಮುದ್ರಿತ ಪ್ರತಿಗಳಲ್ಲಿ 1430 ಪುಟಗಳಿವೆ.

ಈ ನಂಬಿಕೆಯಲ್ಲಿ ಗುರುವೆಂದರೆ ಕಾಗದ ಅಥವಾ ಶಾಯಿಯಲ್ಲ, ಅವುಗಳ ಮೂಲಕ ದೊರೆಯುವ 'ಶಬದ್', ಅಂದರೆ ವಾಣಿ. ಆದ್ದರಿಂದ ಗ್ರಂಥಕ್ಕೆ ನಮಿಸುವುದು ವಿಗ್ರಹಾರಾಧನೆಯಲ್ಲವೆಂದು ಸಿಖ್ಖರು ಭಾವಿಸುತ್ತಾರೆ.

ಆರಾಧನೆಯಲ್ಲಿ

ಗ್ರಂಥಕ್ಕೆ ರಾಜಸಭೆಯ ಮರ್ಯಾದೆ ಸಲ್ಲುತ್ತದೆ. ಮುಂಜಾನೆ ಅದನ್ನು ಮೇಲ್ಕಟ್ಟಿನ ಕೆಳಗಿನ ಪೀಠದ ಮೇಲೆ ತೆರೆದಿಡುವುದಕ್ಕೆ 'ಪ್ರಕಾಶ್' ಎಂದೂ, ರಾತ್ರಿ ಮುಚ್ಚಿ ವಿಶ್ರಾಂತಿಗೆ ಇರಿಸುವುದಕ್ಕೆ 'ಸುಖಾಸನ್' ಎಂದೂ ಹೆಸರು. ಸೇವೆಯಲ್ಲಿರುವವರು ಅದರ ಮೇಲೆ ಚಾಮರ ಬೀಸುತ್ತಾರೆ. ಬಂದವರು ತಲೆ ಮುಚ್ಚಿಕೊಂಡು, ಪಾದರಕ್ಷೆ ಕಳಚಿ, ನಮಸ್ಕರಿಸಿ ಕೆಳಗೆ ಕುಳಿತುಕೊಳ್ಳುತ್ತಾರೆ. ಹರಿಮಂದಿರದಲ್ಲಿ ಪ್ರತಿ ರಾತ್ರಿ ಗ್ರಂಥವನ್ನು ಪಲ್ಲಕ್ಕಿಯಲ್ಲಿ ಅಕಾಲ್ ತಖ್ತಿಗೆ ಒಯ್ದು, ಬೆಳಗಾಗುವ ಮುನ್ನ ಮರಳಿ ತರಲಾಗುತ್ತದೆ.

ಗುರುವಿನ ಆದೇಶವನ್ನು ಪಡೆಯುವ ಕ್ರಮಕ್ಕೆ 'ಹುಕಮ್' ಅಥವಾ 'ವಾಕ್' ಎನ್ನುತ್ತಾರೆ. ಗ್ರಂಥವನ್ನು ಪುಟ ಆರಿಸದೆ ತೆರೆದು, ಎಡಪುಟದ ಮೇಲ್ಭಾಗದಲ್ಲಿರುವ ಪದವನ್ನು ಓದಲಾಗುತ್ತದೆ. ಆ ಪದ ಹಿಂದಿನ ಪುಟದಲ್ಲಿ ಆರಂಭವಾಗಿದ್ದರೆ ಪುಟವನ್ನು ಹಿಂದಕ್ಕೆ ಮಗುಚಿ ಮೊದಲಿನಿಂದ ಓದಬೇಕು. ಶಿಶುವಿಗೆ ಹೆಸರಿಡುವಾಗ ಹೀಗೆ ದೊರೆತ ಪದದ ಮೊದಲ ಅಕ್ಷರವನ್ನು ಆಧರಿಸುತ್ತಾರೆ. ವಿವಾಹದಲ್ಲಿ ವಧೂವರರು ಗ್ರಂಥಕ್ಕೆ ನಾಲ್ಕು ಪ್ರದಕ್ಷಿಣೆ ಹಾಕುತ್ತಾರೆ.

ಅಧಿಕಾರದಲ್ಲಿ

ಗ್ರಂಥವೇ ಗುರುವಾದುದರಿಂದ ಸಿಖ್ಖರಲ್ಲಿ ದೀಕ್ಷೆ ಪಡೆದ ಪುರೋಹಿತ ವರ್ಗವಿಲ್ಲ. 'ಗ್ರಂಥಿ' ಎಂಬವರು ಗ್ರಂಥದ ಪಾಠ ಮತ್ತು ಆರೈಕೆ ಮಾಡುವವರು ಮಾತ್ರ, ಸ್ತ್ರೀಯರೂ ಪುರುಷರೂ ಅದನ್ನು ಓದಬಹುದು. ಆದರೆ ಗ್ರಂಥವು ಬಹುಪಾಲು ರಾಗಗಳಿಗೆ ಅನುಗುಣವಾಗಿ ಜೋಡಿಸಿದ ಭಕ್ತಿಪದಗಳ ಸಂಕಲನವೇ ಹೊರತು ಕಾನೂನು ಸಂಹಿತೆಯಲ್ಲ. ಹೀಗಾಗಿ ಆಚರಣೆ ಮತ್ತು ಆಡಳಿತದ ಪ್ರಶ್ನೆಗಳನ್ನು ಗ್ರಂಥದ ಸನ್ನಿಧಿಯಲ್ಲಿ ಸೇರುವ ಸಮುದಾಯವು, ಅಂದರೆ 'ಪಂಥ'ವು, ನಿರ್ಧರಿಸುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಅಕಾಲ್ ತಖ್ತಿನಲ್ಲಿ ಕೈಗೊಳ್ಳುತ್ತಿದ್ದ ಇಂತಹ ಸಾಮೂಹಿಕ ನಿರ್ಣಯಗಳಿಗೆ 'ಗುರ್‌ಮತ' ಎಂಬ ಹೆಸರಿತ್ತು.

1920ರ ಘಟನೆ

ಈ ಎರಡು ಬಗೆಯ ಅಧಿಕಾರ ಒಟ್ಟಾಗಿ ಕೆಲಸ ಮಾಡಿದುದಕ್ಕೆ 1920ರ ಅಕ್ಟೋಬರ್ 12ರ ಘಟನೆ ನಿದರ್ಶನ. ಅಂದು ಅಸ್ಪೃಶ್ಯರೆನಿಸಿದ್ದ ಜಾತಿಗಳಿಂದ ಬಂದು ಸಿಖ್ ದೀಕ್ಷೆ ಪಡೆದವರು ಹರಿಮಂದಿರಕ್ಕೆ ಕಢಾ ಪ್ರಸಾದವನ್ನು ತಂದರು. ಆದರೆ ಅಲ್ಲಿನ ಪೂಜಾರಿಗಳು ಅದನ್ನು ಸ್ವೀಕರಿಸಲು ನಿರಾಕರಿಸಿದರು. ವಾಗ್ವಾದದ ನಂತರ ಗುರುವಿನ ಆದೇಶವನ್ನೇ ಕೇಳುವುದೆಂದು ಎರಡೂ ಕಡೆಯವರು ಒಪ್ಪಿದರು. ಗ್ರಂಥವನ್ನು ತೆರೆದಾಗ ದೊರೆತುದು ಮೂರನೆಯ ಗುರು ಅಮರದಾಸ್ ಅವರ ಪದ. ಗುಣಹೀನರನ್ನೂ ಗುರುಸೇವೆಯ ಮೂಲಕ ದೇವರು ಕ್ಷಮಿಸುತ್ತಾನೆ ಎಂಬುದು ಅದರ ಭಾವ. ಪೂಜಾರಿಗಳು ಪ್ರಸಾದವನ್ನು ಸ್ವೀಕರಿಸಬೇಕಾಯಿತು.

ಅನಂತರ ಗುಂಪು ಅಕಾಲ್ ತಖ್ತಿನತ್ತ ನಡೆದಾಗ ಅಲ್ಲಿನ ಪೂಜಾರಿಗಳು ಸ್ಥಳ ಬಿಟ್ಟು ಹೋದರು. ಸುಧಾರಕರು ಅದರ ಉಸ್ತುವಾರಿ ವಹಿಸಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ರಚನೆಯಾಯಿತು. ವಿವಾದಕ್ಕೆ ತೀರ್ಪು ನೀಡಿದ್ದು ಗ್ರಂಥವಾದರೆ, ಅದರ ಫಲವನ್ನು ಸಂಸ್ಥೆಯ ರೂಪಕ್ಕೆ ತಂದದ್ದು ಪಂಥ.

ಕಾನೂನಿನಲ್ಲಿ

ಗುರುದ್ವಾರದಲ್ಲಿ ಪ್ರತಿಷ್ಠಾಪಿತವಾದ ಗುರು ಗ್ರಂಥ ಸಾಹಿಬ್ ಆಸ್ತಿಯನ್ನು ಹೊಂದಬಲ್ಲ 'ಕಾನೂನಾತ್ಮಕ ವ್ಯಕ್ತಿ' ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಪು ನೀಡಿತು. ಇದನ್ನು ವಿಗ್ರಹಕ್ಕೆ ಸಮೀಕರಿಸಬಾರದೆಂದೂ, ಗ್ರಂಥದ ಪ್ರತಿಯೊಂದು ಪ್ರತಿಗೂ ಈ ಸ್ಥಾನ ಅನ್ವಯಿಸುವುದಿಲ್ಲವೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು.

ಭಿನ್ನ ನಿಲುವುಗಳು

ಎಲ್ಲ ಪಂಗಡಗಳೂ ಮಾನವ ಗುರುಪರಂಪರೆ 1708ಕ್ಕೆ ಮುಗಿಯಿತೆಂದು ಒಪ್ಪುವುದಿಲ್ಲ. ನಾಮಧಾರಿ ಸಿಖ್ಖರು ಗ್ರಂಥವನ್ನು ಗೌರವಿಸುತ್ತಲೇ ಜೀವಂತ ಮಾನವ ಗುರುವಿನ ಪರಂಪರೆಯನ್ನು ಮುಂದುವರಿಸಿದ್ದಾರೆ.