ಜಾತ್ಯತೀತತೆಯ ಮಾದರಿಗಳು

ರಾಜ್ಯ ಮತ್ತು ಧರ್ಮಗಳ ಸಂಬಂಧವನ್ನು ನಿರ್ಧರಿಸುವ ತತ್ತ್ವವನ್ನು '''ಜಾತ್ಯತೀತತೆ''' ಅಥವಾ '''ಧರ್ಮನಿರಪೇಕ್ಷತೆ''' ಎನ್ನುತ್ತಾರೆ. ಇದಕ್ಕೆ ಎರಡು ಪ್ರಮುಖ ಮಾದರಿಗಳಿವೆ: ರಾಜ್ಯವನ್ನು ಧರ್ಮದಿಂದ ಪೂರ್ಣವಾಗಿ ಬೇರ್ಪಡಿಸುವುದು ಮತ್ತು ಎಲ್ಲ ಧರ್ಮಗಳನ್ನೂ ಸಮಾನವಾಗಿ ಗೌರವಿಸುವುದು (ಸರ್ವಧರ್ಮ ಸಮಭಾವ). ಎರಡರ ವ್ಯತ್ಯಾಸವು ಹಾಸನ ಜಿಲ್ಲೆಯ ಬೇಲೂರಿನ ಚೆನ್ನಕೇಶವ ದೇವಾಲಯದ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ.

== ಪ್ರತ್ಯೇಕತೆಯ ಮಾದರಿ ==
ಫ್ರಾನ್ಸಿನ 1905ರ ಕಾಯಿದೆಯ ಪ್ರಕಾರ ರಾಜ್ಯವು ಯಾವ ಮತವನ್ನೂ ಮಾನ್ಯ ಮಾಡುವುದಿಲ್ಲ. ಯಾವ ಮತದ ಪುರೋಹಿತರಿಗೂ ಸಂಬಳ ಕೊಡುವುದಿಲ್ಲ. ಆದರೂ ಅಲ್ಲಿನ ಅನೇಕ ಹಳೆಯ ಇಗರ್ಜಿಗಳು ಇಂದಿಗೂ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಗಳ ಸ್ವತ್ತಾಗಿವೆ. ಆದುದರಿಂದ ಕಟ್ಟಡ ಯಾರದು ಎಂಬುದು ಎರಡು ಮಾದರಿಗಳನ್ನು ಬೇರ್ಪಡಿಸುವ ಗೆರೆಯಲ್ಲ. ಆರಾಧನೆಯ ಆಡಳಿತ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ.

== ಭಾರತದ ಮಾದರಿ ==
ಸಂವಿಧಾನದ 25ನೆಯ ವಿಧಿಯು ಧಾರ್ಮಿಕ ಸ್ವಾತಂತ್ರ್ಯವನ್ನು ನೀಡುತ್ತದೆ. ಅದರ ಜೊತೆಗೆ, ಧರ್ಮಕ್ಕೆ ಸಂಬಂಧಿಸಿದ ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸಲು ರಾಜ್ಯಕ್ಕೆ ಅವಕಾಶ ಕೊಡುತ್ತದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ (1954) ಸರ್ವೋಚ್ಚ ನ್ಯಾಯಾಲಯವು ಧಾರ್ಮಿಕ ವಿಷಯಗಳನ್ನೂ ಆಸ್ತಿಯ ಆಡಳಿತವನ್ನೂ ಬೇರೆಬೇರೆಯಾಗಿ ನೋಡಿತು. ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ (1994) ಜಾತ್ಯತೀತತೆಯು ಸಂವಿಧಾನದ ಮೂಲ ಸ್ವರೂಪದ ಅಂಗವೆಂದು ಹೇಳಿತು.

== ಬೇಲೂರಿನ ಉದಾಹರಣೆ ==
ಚೆನ್ನಕೇಶವ ದೇವಾಲಯದ ಸ್ಮಾರಕವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಿಸುತ್ತದೆ. ಪೂಜೆ ಮತ್ತು ಉತ್ಸವಗಳ ಆಡಳಿತವು ರಾಜ್ಯದ ಮುಜರಾಯಿ ಇಲಾಖೆಗೆ ಸೇರಿದೆ. ರಥೋತ್ಸವದ ಸಂದರ್ಭದಲ್ಲಿ ಮೌಲ್ವಿಯೊಬ್ಬರು ಕುರಾನಿನ ವಚನಗಳನ್ನು ಪಠಿಸುವ ರೂಢಿ ಇಲ್ಲಿದೆ. 2022ರಲ್ಲಿ ಕೆಲವು ಸಂಘಟನೆಗಳು ಇದನ್ನು ವಿರೋಧಿಸಿದವು. ದೇವಾಲಯದ ಆಚರಣೆಗಳಲ್ಲಿ ಹಸ್ತಕ್ಷೇಪ ಸಲ್ಲದೆನ್ನುವ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆಯ 58ನೆಯ ಪ್ರಕರಣವನ್ನು ಆಧರಿಸಿ ಇಲಾಖೆಯು ರೂಢಿ ಮುಂದುವರಿಯಲು ಅನುಮತಿ ನೀಡಿತು. 2023ರಲ್ಲಿ ವಿವಾದ ಮತ್ತೆ ತಲೆದೋರಿತು.

ಕಟ್ಟುನಿಟ್ಟಾದ ಪ್ರತ್ಯೇಕತೆಯ ಮಾದರಿಯಲ್ಲಿ ಈ ಪ್ರಶ್ನೆ ಸರ್ಕಾರದ ಮುಂದೆ ಬರುತ್ತಲೇ ಇರಲಿಲ್ಲ. ಭಕ್ತರ ಸಂಸ್ಥೆಯೇ ತೀರ್ಮಾನಿಸಬೇಕಾಗಿತ್ತು. ಬೇಲೂರಿನಲ್ಲಿ ಹಸ್ತಕ್ಷೇಪ ಮಾಡದಿರಬೇಕಾದರೂ ಯಾವುದು ರೂಢಿ, ಯಾವುದು ಅಲ್ಲ ಎಂಬುದನ್ನು ಇಲಾಖೆಯೇ ಮೊದಲು ನಿರ್ಧರಿಸಬೇಕಾಯಿತು.

== ಮಿತಿಗಳು ==
ಸಮಾನ ಗೌರವ ಎಂಬ ಮಾತನ್ನು ಎರಡೂ ಪಕ್ಷಗಳು ಬಳಸಬಲ್ಲವು. ಪಠಣವನ್ನು ಬೆಂಬಲಿಸುವವರಿಗೆ ಅದು ಊರಿನ ಸಹಬಾಳ್ವೆಯ ರೂಢಿ. ವಿರೋಧಿಸುವವರಿಗೆ ಪ್ರತಿಯೊಂದು ಧರ್ಮದ ಆಚರಣೆಯನ್ನು ಅದರ ಆಲಯದೊಳಗೆ ಪ್ರತ್ಯೇಕವಾಗಿ ಉಳಿಸುವುದೇ ಗೌರವ. ಸರ್ಕಾರವು ದೇವಾಲಯಗಳನ್ನು ಆಡಳಿತಕ್ಕೆ ಒಳಪಡಿಸಿದಂತೆ ಇತರ ಧರ್ಮಗಳ ಆಲಯಗಳನ್ನು ಒಳಪಡಿಸಿಲ್ಲ ಎಂಬ ಆಕ್ಷೇಪವೂ ಇದೆ. ಪ್ರತ್ಯೇಕತೆಯ ಮಾದರಿಗೂ ತನ್ನದೇ ತೊಡಕಿದೆ: ದೇವಾಲಯ ಪ್ರವೇಶದಲ್ಲಿ ಜಾತಿಭೇದವಿದ್ದಾಗ ರಾಜ್ಯ ಹೊರಗೆ ನಿಂತರೆ ಅನ್ಯಾಯ ಉಳಿಯುತ್ತದೆ. 25ನೆಯ ವಿಧಿಯು ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯಲು ರಾಜ್ಯಕ್ಕೆ ಅಧಿಕಾರ ನೀಡಿರುವುದು ಈ ಕಾರಣದಿಂದಲೇ.

== ಇವನ್ನೂ ನೋಡಿ ==
* ಬೇಲೂರು
* ಚೆನ್ನಕೇಶವ ದೇವಾಲಯ
* ಭಾರತದ ಸಂವಿಧಾನ