ಹಬ್ಬದ ರೀಚಾರ್ಜ್ ಕೊಡುಗೆಯ ಭಾಷೆ: ಬಣ್ಣದಿಂದ ಪ್ರತ್ಯಯಕ್ಕೆ

ಹಬ್ಬದ ರೀಚಾರ್ಜ್ ಕೊಡುಗೆಯಲ್ಲಿ ಎರಡು ಕಾಲಗಳು ಅಡಗಿರುತ್ತವೆ: ಹಣ ಕಟ್ಟಲು ಇರುವ ಗಡುವು ಮತ್ತು ಪಡೆದ ಸೌಲಭ್ಯದ ಬಾಳಿಕೆ. ಇವೆರಡನ್ನು ಬೇರ್ಪಡಿಸುವ ಹೊಣೆಯು ಕಾಲಕ್ರಮೇಣ ಕಾಗದದ ಬಣ್ಣದಿಂದ ವಾಕ್ಯದ ವ್ಯಾಕರಣಕ್ಕೆ ವರ್ಗಾವಣೆಗೊಂಡ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2012ರ ಗ್ರಾಹಕ ಸಂರಕ್ಷಣಾ ನಿಯಮಗಳಲ್ಲಿ ವೋಚರುಗಳನ್ನು ವರ್ಗೀಕರಿಸಿ, ಪ್ಲಾನ್ ವೋಚರಿಗೆ ಕೆಂಪು, ಟಾಪ್‌ಅಪ್‌ಗೆ ಹಸಿರು, ವಿಶೇಷ ದರದ ವೋಚರಿಗೆ ಹಳದಿ ಪಟ್ಟಿಯನ್ನು ಗೊತ್ತುಪಡಿಸಿತು. ಹಸಿರು ಪಟ್ಟಿಯೆಂದರೆ ಖಾತೆಗೆ ಸೇರುವ ಹಣ. ಅದಕ್ಕೆ ಬಾಳಿಕೆಯ ಮಿತಿಯಿಲ್ಲ. ಆದುದರಿಂದ ಹಬ್ಬದ 'ಫುಲ್ ಟಾಕ್‌ಟೈಮ್' ಕೊಡುಗೆಗೆ ಒಂದೇ ದಿನಾಂಕ ಸಾಕಾಗುತ್ತಿತ್ತು. ಹಳದಿಯ ಬಾಳಿಕೆಗೆ 90 ದಿನಗಳ ಮೇಲ್ಮಿತಿಯಿತ್ತು. ಆದರೆ ಎಸ್‌ಎಂಎಸ್‌ಗೆ ಬಣ್ಣವಿಲ್ಲ, ಜಾಗವೂ ಕಡಿಮೆ. ಲ್ಯಾಟಿನ್ ಲಿಪಿಯಲ್ಲಿ 160 ಸಂಕೇತಗಳು ಹಿಡಿಯುವ ಒಂದು ಸಂದೇಶದಲ್ಲಿ ಕನ್ನಡಕ್ಕೆ ದೊರೆಯುವುದು 70 ಮಾತ್ರ. 'ಕ್ಕೆ' ಎಂಬ ಒಂದು ಅಕ್ಷರವೇ ನಾಲ್ಕು ಸಂಕೇತಗಳನ್ನು ಬಳಸುತ್ತದೆ.

ನಿದರ್ಶನಕ್ಕಾಗಿ ರಚಿಸಿದ ಈ ಸಂದೇಶವನ್ನು ಗಮನಿಸಬಹುದು:

ದೀಪಾವಳಿ: ರೂ.299, ದಿನಕ್ಕೆ 1.5 ಜಿಬಿ, 28 ದಿನ, 5 ಜಿಬಿ ಬೋನಸ್, ನ.5ರವರೆಗೆ

ಇದು 66 ಸಂಕೇತಗಳಲ್ಲಿ ಮುಗಿಯುತ್ತದೆ. ಆದರೆ ಕ್ರಿಯಾಪದವನ್ನು ಕೈಬಿಟ್ಟುದರಿಂದ 'ವರೆಗೆ' ಎಂಬುದು ಯಾವುದಕ್ಕೆ ಅನ್ವಯಿಸುತ್ತದೆಂಬುದು ತಿಳಿಯದು. ರೀಚಾರ್ಜಿನ ಗಡುವು ನವೆಂಬರ್ 5 ಎಂದೂ, ಬೋನಸ್ ಅಂದಿಗೆ ಮುಗಿಯುತ್ತದೆಂದೂ ಓದಬಹುದು. ಬೋನಸ್ 28 ದಿನವೂ ಉಳಿಯುತ್ತದೆಂದು ನಂಬಿ ಕೂಡಿಟ್ಟವರು, ಅದರ ಬಾಳಿಕೆ ನಿಜಕ್ಕೂ ಮೂರೇ ದಿನವಾಗಿದ್ದಲ್ಲಿ, ಅದನ್ನು ಕಳೆದುಕೊಳ್ಳುತ್ತಾರೆ. 5 ಜಿಬಿ ಒಮ್ಮೆಗೋ ದಿನಕ್ಕೋ ಎಂಬುದೂ ಅಸ್ಪಷ್ಟ. 'ದಿನಕ್ಕೆ' ಎಂಬುದರ ವ್ಯಾಪ್ತಿ ಎಲ್ಲಿ ನಿಲ್ಲುತ್ತದೆಂಬುದನ್ನು ಅಲ್ಪವಿರಾಮ ಹೇಳಲಾರದು.

ತಿದ್ದಿದ ರೂಪ ಹೀಗಿದೆ:

ದೀಪಾವಳಿ: ನ.5ರೊಳಗೆ ರೂ.299 ರೀಚಾರ್ಜ್ ಮಾಡಿದರೆ ದಿನಕ್ಕೆ 1.5 ಜಿಬಿ, 28 ದಿನ. ಜೊತೆಗೆ ಒಮ್ಮೆ ಮಾತ್ರ 5 ಜಿಬಿ ಬೋನಸ್. ಅದರ ಬಳಕೆಗೆ 3 ದಿನ.

'ವರೆಗೆ' ಮುಂದುವರಿಯುವ ಸ್ಥಿತಿಗೆ ಸಹಜವಾಗಿ ಹೊಂದುತ್ತದೆ. 'ಒಳಗೆ' ಮುಗಿಯಬೇಕಾದ ಕ್ರಿಯೆಗೆ ಹೊಂದುತ್ತದೆ. '-ದರೆ' ಪ್ರತ್ಯಯವು ಗಡುವನ್ನು ರೀಚಾರ್ಜಿಗೆ ಕಟ್ಟಿಹಾಕುತ್ತದೆ. 'ಒಮ್ಮೆ ಮಾತ್ರ' ಎಂಬುದು ಪ್ರಮಾಣವನ್ನೂ, 'ಅದರ' ಎಂಬ ಸರ್ವನಾಮವು ಬೋನಸ್ಸಿನ ಪ್ರತ್ಯೇಕ ಬಾಳಿಕೆಯನ್ನೂ ನಿಗದಿಗೊಳಿಸುತ್ತವೆ. ಒಂದು ಸಂದಿಗ್ಧ ಮಾತ್ರ ಉಳಿಯುತ್ತದೆ: 'ಒಳಗೆ' ಎಂದಾಗ 5ನೆಯ ದಿನವೂ ಸೇರಿತೇ? 'ನ.5 ಸೇರಿ' ಎಂದರೆ ಅದೂ ಪರಿಹಾರವಾಗುತ್ತದೆ. ಇದರ ಬೆಲೆಯೂ ಇದೆ. ತಿದ್ದಿದ ರೂಪಕ್ಕೆ 118 ಸಂಕೇತಗಳು, ಅಂದರೆ ಒಂದರ ಬದಲು ಎರಡು ಎಸ್‌ಎಂಎಸ್‌ಗಳು ಬೇಕು.

2024ರ ಡಿಸೆಂಬರಿನ ತಿದ್ದುಪಡಿಯಲ್ಲಿ ಟ್ರಾಯ್ ಬಣ್ಣದ ಪಟ್ಟಿಗಳನ್ನು ಕೈಬಿಟ್ಟು, ವಿಶೇಷ ವೋಚರುಗಳ ಬಾಳಿಕೆಯ ಮಿತಿಯನ್ನು 365 ದಿನಗಳಿಗೆ ಏರಿಸಿತು. ಕೊಡುಗೆಯ ಗಡುವಿಗೂ ಬಾಳಿಕೆಗೂ ನಡುವಣ ಅಂತರ ಇದರಿಂದ ಇನ್ನಷ್ಟು ಹಿಗ್ಗಬಲ್ಲದು. ಹಿಂದೆ ಪಟ್ಟಿಯೊಂದು ಸೂಚಿಸುತ್ತಿದ್ದುದನ್ನು ಇನ್ನು 'ಒಳಗೆ', '-ದರೆ', 'ಅದರ' ಎಂಬಂಥ ರೂಪಗಳೇ ಹೇಳಬೇಕಾಗಿದೆ.