ಓರೆ ಫೋಟೊದಿಂದ ನೇರ ಪುಟ: ಅಳತೆ, ಬೆರಳು, ನೆರಳು

ಗ್ರಂಥಾಲಯದ ಮೇಜಿನ ಮೇಲೆ ಹಳೆಯ ಪುಸ್ತಕವನ್ನಿಟ್ಟು ಮೊಬೈಲಿನಲ್ಲಿ ಪುಟ ತೆಗೆಯುವವರು ಕ್ಯಾಮೆರಾವನ್ನು ತುಸು ವಾಲಿಸಿಯೇ ಹಿಡಿಯುತ್ತಾರೆ. ನೆಟ್ಟಗೆ ಮೇಲಿನಿಂದ ಹಿಡಿದರೆ ಕೈಯದೇ ನೆರಳು ಪುಟದ ಮೇಲೆ ಬೀಳುತ್ತದೆ. ವಾಲಿಸಿದರೆ ಆಯತವಾಗಿದ್ದ ಪುಟ ಚಿತ್ರದಲ್ಲಿ ತ್ರಾಪಿಜ್ಯವಾಗುತ್ತದೆ: ಹತ್ತಿರದ ಅಂಚು ಅಗಲ, ದೂರದ ಅಂಚು ಕಿರಿದು. ಇದನ್ನು ಮತ್ತೆ ಆಯತವಾಗಿಸಿ, ಮೇಜು, ಬೆರಳು, ನೆರಳುಗಳನ್ನು ತೆಗೆದುಹಾಕುವ ತಂತ್ರಾಂಶಗಳು ಇಂದು ಎಲ್ಲೆಡೆ ಇವೆ. ಆದರೆ ಓದುವುದಕ್ಕೆ ಸಾಕಾಗುವ ಪುಟ, ಅಳೆಯುವುದಕ್ಕೆ ಸಾಲುವುದಿಲ್ಲ. ಅಚ್ಚಿನ ಭಾಗದ ಉದ್ದಗಲವನ್ನು ದಾಖಲಿಸುವವರು, ಮುದ್ರಣಾಲಯಗಳ ಅಚ್ಚುಮೊಳೆಗಳನ್ನು ಹೋಲಿಸುವವರು ನೇರವಾದ ಪುಟವನ್ನು ನಂಬಿ ಮೋಸಹೋಗುವ ಒಂದು ಜಾಗವನ್ನು ಈ ಲೇಖನ ಮುಖ್ಯವಾಗಿ ಪರಿಶೀಲಿಸುತ್ತದೆ.

ಸಮತಲವಾದ ಪುಟವೊಂದರ ಓರೆ ಚಿತ್ರಕ್ಕೂ ಅದರ ನೇರ ರೂಪಕ್ಕೂ ಇರುವ ಸಂಬಂಧವನ್ನು ಹೋಮೋಗ್ರಫಿ ಎನ್ನುತ್ತಾರೆ. ಅದರಲ್ಲಿ ಎಂಟು ಅಜ್ಞಾತಗಳಿವೆ. ಒಂದೊಂದು ಮೂಲೆಯಿಂದ ಎರಡೆರಡು ಸಮೀಕರಣಗಳು ಸಿಗುವುದರಿಂದ ನಾಲ್ಕು ಮೂಲೆಗಳು ಸಾಕು. ಆದರೆ ಈ ಲೆಕ್ಕಕ್ಕೆ ಚಿತ್ರದೊಳಗಿನ ನಾಲ್ಕು ಮೂಲೆಗಳ ಜೊತೆಗೆ, ಅವು ಹೋಗಿ ಕೂರಬೇಕಾದ ಆಯತದ ನಾಲ್ಕು ಮೂಲೆಗಳನ್ನೂ ಕೊಡಬೇಕು. ಆ ಆಯತದ ಉದ್ದಗಲ ಎಷ್ಟು? ಹೋಮೋಗ್ರಫಿ ಅದನ್ನು ಹೇಳುವುದಿಲ್ಲ. ನಾವು ಹೇಳಿದ್ದನ್ನು ಒಪ್ಪಿಕೊಳ್ಳುತ್ತದೆ. ಎದುರುಬದುರು ಅಂಚುಗಳಲ್ಲಿ ಉದ್ದವಾದುದನ್ನೇ ಅಳತೆಯಾಗಿ ಹಿಡಿಯುವುದು ಬಳಕೆಯಲ್ಲಿರುವ ಕ್ರಮ. ತಪ್ಪು ನುಸುಳುವುದು ಇಲ್ಲಿಯೇ.

ಲೆಕ್ಕಕ್ಕೆ ಒಂದು ಎ4 ಹಾಳೆಯನ್ನು ಇಟ್ಟುಕೊಳ್ಳೋಣ. ಅದರ ಅಗಲ 210 ಮಿ.ಮೀ., ಎತ್ತರ 297 ಮಿ.ಮೀ.; ಎತ್ತರ ಅಗಲದ 1.41 ಪಟ್ಟು. ಕ್ಯಾಮೆರಾ ಹಾಳೆಯ ನಡುವಿನಿಂದ 450 ಮಿ.ಮೀ. ದೂರದಲ್ಲಿದೆ, 35 ಡಿಗ್ರಿ ವಾಲಿದೆ. ಚಿತ್ರ 3000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಮಸೂರದ ಸಂಗಮದೂರ, ಪಿಕ್ಸೆಲ್ ಲೆಕ್ಕದಲ್ಲಿ, 3000. ಆಗ ಮೇಲಿನ ಮೂಲೆಗಳು (911, 1318) ಮತ್ತು (2089, 1318)ರಲ್ಲೂ, ಕೆಳಗಿನವು (637, 3000) ಮತ್ತು (2363, 3000)ರಲ್ಲೂ ಬೀಳುತ್ತವೆ. ಮೇಲಂಚು 1178 ಪಿಕ್ಸೆಲ್, ಕೆಳಂಚು 1726, ಪಕ್ಕದ ಅಂಚುಗಳು ತಲಾ 1704. ಉದ್ದವಾದ ಅಂಚನ್ನು ಹಿಡಿಯುವ ಕ್ರಮದಲ್ಲಿ ನಮಗೆ ಸಿಗುವ ಆಯತ 1726ಕ್ಕೆ 1704. ಅಂದರೆ ಎ4 ಹಾಳೆ ಹೆಚ್ಚುಕಡಿಮೆ ಚೌಕವಾಗಿ ಹೊರಬರುತ್ತದೆ! ಸಾಲುಗಳು ನೆಟ್ಟಗಿರುತ್ತವೆ, ಅಂಚುಗಳು ಲಂಬವಾಗಿರುತ್ತವೆ, ಅಕ್ಷರಗಳು ಮಾತ್ರ ಕುಳ್ಳಗೆ ಅಗಲವಾಗಿರುತ್ತವೆ. ಕನ್ನಡದ ದುಂಡಕ್ಷರಗಳಲ್ಲಿ ಈ ಅಗಲಿಕೆ ಅಚ್ಚುಮೊಳೆಯ ಸಹಜ ಗುಣದಂತೆಯೇ ಕಾಣಬಹುದು. ಅನುಮಾನ ಬಂದರೆ ಮೊದಲು ಸೊನ್ನೆಯನ್ನು ನೋಡಬೇಕು: ಅಚ್ಚಿನಲ್ಲಿ ದುಂಡಗಿರುವ ಅನುಸ್ವಾರ ಪುಟದುದ್ದಕ್ಕೂ ಅಡ್ಡ ಮೊಟ್ಟೆಯಾಗಿದ್ದರೆ ಅಳತೆ ಕೆಟ್ಟಿದೆ.

ನಿಜವಾದ ಅನುಪಾತವನ್ನು ಮರಳಿ ಪಡೆಯಲು ದೊಡ್ಡ ಗಣಿತ ಬೇಡ. ಹಾಳೆಯ ಅಗಲ ಮೇಲೂ ಕೆಳಗೂ ಒಂದೇ ಆದ್ದರಿಂದ, ಮೇಲಂಚು ಕೆಳಂಚಿಗಿಂತ 1726/1178, ಅಂದರೆ 1.465 ಪಟ್ಟು ಆಳದಲ್ಲಿದೆ. ಕೆಳಂಚಿನ ಆಳವನ್ನು 1 ಎಂದಿಟ್ಟರೆ ಹಾಳೆಯ ಅಗಲ 1726/3000 = 0.575. ಕೆಳಂಚು ಚಿತ್ರದ ನಡುವಿನಿಂದ 1000 ಪಿಕ್ಸೆಲ್ ಕೆಳಗಿದೆ, ಅಂದರೆ 0.333, ಮೇಲಂಚು 682 ಪಿಕ್ಸೆಲ್ ಮೇಲಿದೆ, ಅದರ ಆಳದಿಂದ ಗುಣಿಸಿದರೆ ಅದೂ 0.333. ಮೇಲಿನಿಂದ ಕೆಳಕ್ಕೆ ಒಟ್ಟು 0.666, ಆಳದ ವ್ಯತ್ಯಾಸ 0.465. ಪೈಥಾಗೊರಸ್ ನಿಯಮದಿಂದ ಎತ್ತರ 0.813. ಇದನ್ನು 0.575ರಿಂದ ಭಾಗಿಸಿದರೆ 1.41, ಹಾಳೆಯ ನಿಜ ಅನುಪಾತ.

ಇಡೀ ಲೆಕ್ಕ ಸಂಗಮದೂರದ ಮೇಲೆ ನಿಂತಿದೆ. ಮೈಕ್ರೋಸಾಫ್ಟ್ ರಿಸರ್ಚ್‌ನ ಝೆಂಗ್ಯೂ ಜಾಂಗ್ ಮತ್ತು ಲೀ-ವೇ ಹೆ ಬಿಳಿ ಹಲಗೆಯ ಫೋಟೊಗಳನ್ನು ನೇರಗೊಳಿಸುವ ತಮ್ಮ ಕೆಲಸದಲ್ಲಿ, ನಾಲ್ಕು ಮೂಲೆಗಳಿಂದಲೇ ಸಂಗಮದೂರವನ್ನೂ ಅನುಪಾತವನ್ನೂ ಪಡೆಯಬಹುದೆಂದು ತೋರಿಸಿದರು. ಆದರೆ ಚಿತ್ರದಲ್ಲಿ ಒಂದು ಜೋಡಿ ಅಂಚುಗಳು ಸಮಾನಾಂತರವಾಗಿಯೇ ಉಳಿದರೆ ಆ ದಾರಿ ಮುಚ್ಚುತ್ತದೆ, ನಮ್ಮ ಉದಾಹರಣೆ ಅಂಥದ್ದೇ. ಆಗ ಫೋಟೊದ ಜೊತೆಗೆ ಉಳಿಯುವ ಎಕ್ಸಿಫ್ ಮಾಹಿತಿಯನ್ನು ನೋಡಬೇಕು. ಅಲ್ಲಿ `FocalLengthIn35mmFilm` ಎದುರು 26 ಎಂದಿದ್ದರೆ, ಅದನ್ನು 35 ಮಿ.ಮೀ. ಫಿಲ್ಮಿನ ಕರ್ಣವಾದ 43.27ರಿಂದ ಭಾಗಿಸಿ ಚಿತ್ರದ ಕರ್ಣವಾದ 5000ರಿಂದ ಗುಣಿಸಿದರೆ ಸುಮಾರು 3004 ಬರುತ್ತದೆ. ಈ ಸಂಖ್ಯೆ ಶೇ. 10ರಷ್ಟು ಹೆಚ್ಚಾಗಿದ್ದರೂ ಅನುಪಾತ 1.46ಕ್ಕೆ ಏರುತ್ತದೆ, ತಪ್ಪು ಶೇ. 3ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೊದಲೇ ಕತ್ತರಿಸಿದ ಫೋಟೊ ಇನ್ನೂ ಅಪಾಯಕಾರಿ: ಚಿತ್ರದ ನಡು ಎಲ್ಲಿತ್ತೆಂಬುದೇ ಕಳೆದುಹೋಗಿರುತ್ತದೆ. ಮೆಸೇಜ್ ಆ್ಯಪ್‌ಗಳ ಮೂಲಕ ಬಂದ ಫೋಟೊಗಳಲ್ಲಿ ಎಕ್ಸಿಫ್ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಹಾಗಾಗಿ ಪುಸ್ತಕದ ಒಂದು ಪುಟದ ಉದ್ದಗಲವನ್ನಾದರೂ ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳುವುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಭದ್ರ.

ಬೆರಳಿನ ತೊಂದರೆಯೂ ಮೂಲೆಗಳಿಂದಲೇ ಶುರು. ಓಪನ್‌ಸಿವಿಯ `findContours` ಕಂಡ ಗಡಿಯನ್ನು `approxPolyDP` ಸರಳಗೊಳಿಸಿ ನಾಲ್ಕು ಮೂಲೆ ಕೊಡಬೇಕು. ಅಂಚನ್ನು ಒತ್ತಿಹಿಡಿದ ಹೆಬ್ಬೆರಳು ಗಡಿಯಲ್ಲೊಂದು ತಗ್ಗು ಮಾಡುವುದರಿಂದ ಆರೋ ಏಳೋ ಮೂಲೆಗಳು ಬರುತ್ತವೆ. ಮೂಲೆಯನ್ನು ಹುಡುಕುವ ಬದಲು ಅಂಚನ್ನು ಹುಡುಕುವುದು ಮೇಲು: ಒಂದೊಂದು ಬದಿಯ ಬಿಂದುಗಳಿಗೂ ಒಂದು ಸರಳರೇಖೆ ಹೊಂದಿಸಿ, ಅದರಿಂದ ದೂರ ಸರಿದ ಬೆರಳಿನ ಬಿಂದುಗಳನ್ನು ಕೈಬಿಟ್ಟು, ರೇಖೆಗಳು ಕೂಡುವಲ್ಲಿ ಮೂಲೆಯನ್ನು ಗುರುತಿಸಬೇಕು. ಬೆರಳು ಮೂಲೆಯನ್ನೇ ಮುಚ್ಚಿದ್ದರೂ ಇದು ನಡೆಯುತ್ತದೆ. ಚರ್ಮದ ಬಣ್ಣದಿಂದ ಬೆರಳನ್ನು ಗುರುತಿಸುವ ಉಪಾಯ ಹೊಸ ಬಿಳಿ ಹಾಳೆಗೆ ಸರಿ, ಹಳೆಯ ಪುಸ್ತಕಕ್ಕಲ್ಲ. ಸಾಮಾನ್ಯವಾಗಿ ಬಳಸುವ ಮಿತಿ Cr 133–173, Cb 77–127. ಹಳದಿಗಟ್ಟಿದ ಕಾಗದದ (205, 180, 140) ಬಣ್ಣ ಲೆಕ್ಕದಲ್ಲಿ 144 ಮತ್ತು 104 ಆಗುತ್ತದೆ. ಯಂತ್ರಕ್ಕೆ ಇಡೀ ಪುಟವೇ ಬೆರಳು! ಬೆರಳು ಖಾಲಿ ಅಂಚಿನ ಮೇಲಿದ್ದರೆ ಕಾಗದದ ಬಣ್ಣ ತುಂಬಬಹುದು. ಅಕ್ಷರದ ಮೇಲಿದ್ದರೆ ಆ ಜಾಗವನ್ನು ಹಾಗೆಯೇ ಬಿಟ್ಟು, ಪಾಠ ಮುಚ್ಚಿಹೋಗಿದೆ ಎಂದು ದಾಖಲಿಸಬೇಕು. ಊಹಿಸಿ ತುಂಬಿದ ಅಕ್ಷರ ಪಾಠಸಂಪಾದನೆಯಲ್ಲಿ ಸುಳ್ಳು ಸಾಕ್ಷಿ.

ನೆರಳು ತೆಗೆಯಲು, ಅಕ್ಷರಗಳಿಲ್ಲದ ಬರಿ ಕಾಗದ ಹೇಗೆ ಬೆಳಗಿತ್ತೆಂದು ಅಂದಾಜಿಸಿ, ಚಿತ್ರವನ್ನು ಅದರಿಂದ ಭಾಗಿಸುತ್ತಾರೆ. ಕೆಳಗಿನ ಸಾಲುಗಳಲ್ಲಿ `g` ಎಂದರೆ ಪುಟದ ಬೂದುಬಣ್ಣದ ಚಿತ್ರ, `bg` ಎಂದರೆ ಆ ಅಂದಾಜು.

```python
k = np.ones((25, 25), np.uint8)
bg = cv2.morphologyEx(g, cv2.MORPH_CLOSE, k)
bg = cv2.medianBlur(bg, 51)
out = cv2.divide(g, bg, scale=255)
```

ಇಲ್ಲಿ `MORPH_CLOSE` ಬದಲಿಗೆ ಬರಿಯ `dilate` ಬಳಸಿದರೆ ಬೆಳಕಿನ ಭಾಗ ನೆರಳಿನೊಳಕ್ಕೆ 12 ಪಿಕ್ಸೆಲ್ ಹರಡುತ್ತದೆ, ಫಲಿತಾಂಶದಲ್ಲಿ ನೆರಳಿನ ಗಡಿಯುದ್ದಕ್ಕೂ ಕಪ್ಪು ಪಟ್ಟಿ ಉಳಿಯುತ್ತದೆ. 25 ಎಂಬ ಗಾತ್ರ ಅಕ್ಷರದ ಗೆರೆಯ ದಪ್ಪಕ್ಕಿಂತ ದೊಡ್ಡದಿರಬೇಕು. ಶೀರ್ಷಿಕೆಯ ದಪ್ಪ ಅಕ್ಷರದ ಗೆರೆ ಅದನ್ನು ಮೀರಿದರೆ, ಅಕ್ಷರವನ್ನೇ ನೆರಳೆಂದು ತಿಳಿದು ಅದರ ಒಡಲನ್ನು ಬೆಳ್ಳಗಾಗಿಸುತ್ತದೆ. ಮುದ್ರಿತ ಚಿತ್ರಗಳಿಗೂ ಇದೇ ಗತಿ.

ಇಷ್ಟೆಲ್ಲ ಸರಿಹೋದರೂ ಬೆನ್ನಿನ ಬಳಿ ಬಾಗಿದ ಪುಟಕ್ಕೆ ಹೋಮೋಗ್ರಫಿ ಒದಗುವುದಿಲ್ಲ. ಅಂಚುಗಳು ನೇರವಾಗಿ, ಸಾಲುಗಳು ಮಾತ್ರ ಬೆನ್ನಿನತ್ತ ಬಾಗಿ ಉಳಿದರೆ ಅದೇ ಗುರುತು. ಅದಕ್ಕೆ ಸಾಲುಗಳ ಬಾಗನ್ನೇ ಅಳೆಯುವ ಬೇರೆ ವಿಧಾನ ಬೇಕು. ಕನ್ನಡದಲ್ಲಿ ಆಗ ಸಾಲಿನ ಕೆಳಗೆರೆಯನ್ನು ನಂಬಬಾರದು, ಒತ್ತಕ್ಷರಗಳು ಅದನ್ನು ಅಲ್ಲಲ್ಲಿ ಕೆಳಕ್ಕೆಳೆಯುತ್ತವೆ. ತಲಕಟ್ಟಿನ ಮಟ್ಟ ಹೆಚ್ಚು ಸ್ಥಿರ.

ನೇರಗೊಳಿಸುವಿಕೆ ಮರಳಿ ಕೊಡಲಾರದ್ದು ಸೂಕ್ಷ್ಮತೆ. ನಮ್ಮ ಹಾಳೆಯಲ್ಲಿ ಕೆಳಂಚಿನ ಬಳಿ ಲಂಬವಾಗಿ ಒಂದು ಮಿ.ಮೀ.ಗೆ 8.3 ಪಿಕ್ಸೆಲ್ ಇದ್ದರೆ, ಮೇಲಂಚಿನಲ್ಲಿ 3.9 ಮಾತ್ರ. ಒಂದೂವರೆ ಮಿ.ಮೀ. ಎತ್ತರದ ಒತ್ತಕ್ಷರಕ್ಕೆ ಕೆಳಸಾಲಿನಲ್ಲಿ 12 ಪಿಕ್ಸೆಲ್ ದಕ್ಕಿದರೆ ಮೊದಲ ಸಾಲಿನಲ್ಲಿ ದಕ್ಕುವುದು 6. ಧ ಅಕ್ಷರದ ಅಡಿಯ ಸೀಳುಗೆರೆ 0.4 ಮಿ.ಮೀ. ಇದ್ದರೆ ಅಲ್ಲಿ ಅದಕ್ಕೆ ಒಂದೂವರೆ ಪಿಕ್ಸೆಲ್. ಕಪ್ಪುಬಿಳುಪಿಗೆ ಇಳಿಸಿದಾಗ ಧ ದ ಆಗಲು ಅಷ್ಟು ಸಾಕು. ಅದೇ ದೂರದಿಂದ ವಾಲಿಕೆಯನ್ನು 15 ಡಿಗ್ರಿಗೆ ಇಳಿಸಿದರೆ ಮೇಲಂಚಿನಲ್ಲಿ ಮಿ.ಮೀ.ಗೆ 5.5 ಪಿಕ್ಸೆಲ್ ಸಿಗುತ್ತದೆ, ಸೀಳಿಗೆ ಎರಡಕ್ಕೂ ಹೆಚ್ಚು. ಆ ಕೋನದಲ್ಲಿ ಕೈಯ ನೆರಳು ಪುಟಕ್ಕೆ ಬೀಳುವುದಾದರೂ ಸರಿ: ಭಾಗಿಸಿದರೆ ನೆರಳು ಹೋಗುತ್ತದೆ, ಹೋದ ಸೀಳು ಬರುವುದಿಲ್ಲ.